ದೋಸೆ ಹೆಂಚಿಗೆ ಅಂಟದ ಹಾಗೆ ಮಾಡಿದ ನನ್ನ ಅನುಭವ

ಹಾಸನದಲ್ಲಿ ಮನೆ ಮುಂದೆ ಸಂಜೆ 5ರಿಂದ 9ರವರೆಗೆ ದೋಸೆ ಹುಯ್ಯುತ್ತೇನೆ. ಈಗ ದಿನಕ್ಕೆ 120ರ ಹತ್ತಿರ ಹೋಗುತ್ತದೆ. ಒಂದೂ ಹರಿಯಲ್ಲ ಅಂದರೆ ಸುಳ್ಳು, ಎರಡು ಮೂರು ಹರಿಯುತ್ತವೆ. ಆದರೆ ಶುರುವಿನಲ್ಲಿ ಹತ್ತಕ್ಕೆ ನಾಲ್ಕು ಕಸದ ಬುಟ್ಟಿಗೆ ಹೋಗುತ್ತಿದ್ದವು. ಪಕ್ಕದ ಬೀದಿ ಹೋಟೆಲಿನ ಭಟ್ಟರು ನೋಡಿ ನಕ್ಕಿದ್ದರು: "ಅಕ್ಕಾ, ಈ ಹೆಂಚು ನಿಮಗೆ ಒಗ್ಗಲ್ಲ. ಸುಮ್ನೆ ನಾನ್‌ಸ್ಟಿಕ್ ತಗೊಳ್ಳಿ."

ನಾನ್‌ಸ್ಟಿಕ್ ಆಗಲೇ ನೋಡಿಯಾಗಿತ್ತು. ಮೂರು ತವಾ, ಒಂದೊಂದಕ್ಕೆ ಸಾವಿರದ ಮೇಲೆ. ಸಂಜೆಯಿಡೀ ಜೋರು ಉರಿ, ಕಬ್ಬಿಣದ ಮಗುಚೋ ಕೈ. ನಾಲ್ಕು ತಿಂಗಳು ಬಾಳಲಿಲ್ಲ. ಅದಕ್ಕೇ 12 ಎಂಎಂ ದಪ್ಪದ ಕಬ್ಬಿಣದ ಹಾಳೆಯಲ್ಲಿ 3 ಅಡಿ ಉದ್ದ, 2 ಅಡಿ ಅಗಲದ ಹೆಂಚು ಮಾಡಿಸಿದೆ. 50 ಕೆಜಿ ಮೇಲೆ ತೂಕ, 6 ಸಾವಿರದ ಆಸುಪಾಸು ಆಯಿತು.

ಮೊದಲ ಪೆಟ್ಟು ಬಿದ್ದದ್ದು ಅದರ ಬಣ್ಣದಿಂದ. ಹೊಸ ಹಾಳೆಯ ಮೇಲೆ ನೀಲಿ-ಕಪ್ಪು ಪೊರೆ ಇತ್ತು. ಆಗಲೇ ಪಳಗಿದಂತಿದೆ ಅಂತ ಖುಷಿಪಟ್ಟೆ. ಅದು ಕಾರ್ಖಾನೆಯಲ್ಲಿ ಕಬ್ಬಿಣ ಕಾದಾಗ ಕೂತ ಪೊರೆ. ಅದರ ಮೇಲೆ ಏನೇ ಎಣ್ಣೆ ಹಚ್ಚಿ, ಆ ಪೊರೆ ಎದ್ದಾಗ ಎಣ್ಣೆಯ ಪದರವೂ ಜೊತೆಗೇ ಏಳುತ್ತದೆ. ಹದಿನೈದು ದಿನ ಒದ್ದಾಡಿ, ಕೊನೆಗೆ ಗ್ರೈಂಡರ್ ಇರುವವನ ಹತ್ತಿರ ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿಸಿದೆ. 500 ರೂಪಾಯಿ, ಜೊತೆಗೆ ಆಟೋ ಬಾಡಿಗೆ.

ಎರಡನೇ ತಪ್ಪು ನನ್ನ ಧಾರಾಳತನ. ಎಣ್ಣೆ ಜಾಸ್ತಿ ಹಚ್ಚಿದರೆ ಬೇಗ ಪಳಗುತ್ತದೆ ಅಂದುಕೊಂಡು ಸುರಿದೆ. ಅಂಟು ಬೆಲ್ಲದ ಪಾಕದ ಹಾಗೆ ಕೂತಿತು. ಮಗುಚೋ ಕೈಯ ತುದಿಗೆ ಕಂದು ಮೇಣ ಬರುತ್ತಿದ್ದರೆ ನೀವೂ ಇದೇ ತಪ್ಪು ಮಾಡಿದ್ದೀರಿ ಅಂತ ಲೆಕ್ಕ. ಮತ್ತೆ ಉಜ್ಜಿದೆ. ಈ ಸಲ ಕಡಲೆಕಾಯಿ ಎಣ್ಣೆ ಹಚ್ಚಿ, ಒಣ ಬಟ್ಟೆಯಲ್ಲಿ ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ಒರೆಸಿ, ಹೊಗೆ ಎದ್ದು ತಾನಾಗಿ ನಿಲ್ಲುವವರೆಗೆ ಕಾಯಿಸಿದೆ. ಹೀಗೆ ಆರೇಳು ಸಲ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು, ಮನೆ ತುಂಬ ಹೊಗೆ, ಯಜಮಾನರ ಮುಖ ನೋಡುವ ಹಾಗಿರಲಿಲ್ಲ. ಕೊನೆಗೆ ಹೆಂಚು ಕಂದು ಹೋಗಿ ಕಪ್ಪಾಯಿತು. ಮುಟ್ಟಿದರೆ ಕೈಗೆ ಜಿಡ್ಡಿಲ್ಲ.

ನಡುವೆ ಬೇರೆ ಎಣ್ಣೆಗಳನ್ನೂ ನೋಡಿದೆ, ಸುಮ್ಮನಿರಲು ಬರಬೇಕಲ್ಲ! ಕೊಬ್ಬರಿ ಎಣ್ಣೆ ಗಟ್ಟಿಯಾಗುವುದೇ ಇಲ್ಲ, ಬಿಸಿನೀರು ಹಾಕಿದರೆ ಹೋಯಿತು. ಅಗಸೆ ಎಣ್ಣೆ ಕನ್ನಡಿಯ ಹಾಗೆ ಹೊಳೆಯಿತು, ಎಲ್ಲರಿಗೂ ತೋರಿಸಿಕೊಂಡು ಬಂದೆ. ಎರಡು ವಾರಕ್ಕೆ ಚಕ್ಕೆ ಎದ್ದು ಗಿರಾಕಿಯ ಬಿಳಿ ದೋಸೆಗೆ ಕಪ್ಪು ಚೂರು ಹತ್ತಿತು. ದುಡ್ಡು ವಾಪಸ್ ಕೊಟ್ಟೆ. ತಿರುಗಿ ಕಡಲೆಕಾಯಿ ಎಣ್ಣೆಗೇ ಬಂದೆ.

ಹೆಂಚು ಪಳಗಿದ ಮೇಲೂ ದೋಸೆ ಅಂಟಿತು. ಅಲ್ಲಿಗೆ ನಿಜವಾದ ಪಾಠ ಶುರು. ಬೆಳಗ್ಗೆ ಮನೆಯ ಕಾವಲಿಯಲ್ಲಿ ಅದೇ ಹಿಟ್ಟು ಗರಿಗರಿ ಏಳುತ್ತದೆ, ಸಂಜೆ ಹೆಂಚಿನ ಮೇಲೆ ಹರಿಯುತ್ತದೆ. ಹಾಗಾದರೆ ಹಿಟ್ಟಿನ ತಪ್ಪಲ್ಲ, ಶಾಖದ್ದು. ಬಿಸಿ ಅಳೆಯುವ ಗನ್ ಒಂದನ್ನು 900 ರೂಪಾಯಿ ಕೊಟ್ಟು ತಂದೆ. (ಹೊಳೆಯುವ ಕಬ್ಬಿಣದ ಮೇಲೆ ಅದು ಸುಳ್ಳು ಹೇಳುತ್ತದೆ. ಎಣ್ಣೆ ಹೊಗೆಯಾಡುತ್ತಿದ್ದರೂ 120 ಡಿಗ್ರಿ ಸೆಲ್ಸಿಯಸ್ ತೋರಿಸಿತ್ತು. ಕಪ್ಪಾದ ಮೇಲೆ ಸರಿಯಾಗಿ ತೋರಿಸುತ್ತದೆ.) ಒಂದು ವಾರ ಪ್ರತಿ ದೋಸೆಗೂ ಒತ್ತಿ ನೋಡಿದೆ, ಗಿರಾಕಿಗಳು ಜ್ವರ ನೋಡುತ್ತೀರಾ ಅಂತ ಕೇಳಿದರು.

ತಿಳಿದದ್ದು ಇಷ್ಟು. ಹೆಂಚು 230 ದಾಟಿದ್ದರೆ ಹಿಟ್ಟು ಬಿದ್ದ ತಕ್ಷಣ ಬೇಯುತ್ತದೆ. ಹರಡಲು ಹೋದರೆ ಸೌಟಿನ ಜೊತೆಯೇ ಎದ್ದು ಬರುತ್ತದೆ. ಉಳಿದದ್ದು ಬಲೆಯ ಹಾಗೆ ಅಲ್ಲಲ್ಲಿ ಕರಿ ಹಿಡಿದು ಕೂರುತ್ತದೆ. 150ಕ್ಕಿಂತ ಕೆಳಗಿದ್ದರೆ ಚೆಂದವಾಗಿ ಹರಡುತ್ತದೆ, ಆದರೆ ಹಸಿ ಹಿಟ್ಟು ಕಬ್ಬಿಣಕ್ಕೆ ಅಂಟಿಕೊಂಡು ಕೂರುತ್ತದೆ. ಎತ್ತಿದರೆ ಮೇಲ್ಭಾಗ ಮಾತ್ರ ಬರುತ್ತದೆ, ಕೆಳಗೆ ಬಿಳಿ ಪೊರೆ ಉಳಿಯುತ್ತದೆ. ಎರಡಕ್ಕೂ 'ದೋಸೆ ಅಂಟಿತು' ಅನ್ನುತ್ತೇವೆ, ಆದರೆ ಮದ್ದು ತದ್ವಿರುದ್ಧ. ಕೆಳಗೆ ಕರಿ ಉಳಿದರೆ ಉರಿ ಇಳಿಸಬೇಕು, ಬಿಳಿ ಉಳಿದರೆ ಏರಿಸಬೇಕು. ನಾನು ಎರಡಕ್ಕೂ ಎಣ್ಣೆಯನ್ನೇ ಸುರಿಯುತ್ತಿದ್ದೆ.

ನನ್ನ ಹೆಂಚಿಗೆ ಹಿಟ್ಟು ಹುಯ್ಯುವಾಗ 175ರ ಹತ್ತಿರ ಇರಬೇಕು, ಹರಡಿದ ಮೇಲೆ 200-210ಕ್ಕೆ ಏರಬೇಕು. ಗನ್ ಇಲ್ಲದವರಿಗೆ ನೀರೇ ಸಾಕು. ಹನಿ ಮುತ್ತಿನ ಹಾಗೆ ಉರುಳಾಡಿದರೆ ಕಾವು ಹೆಚ್ಚು. ಸುಮ್ಮನೆ ನಿಂತು ಗುಳ್ಳೆ ಬಿಟ್ಟರೆ ಕಡಿಮೆ. ಚುರ್ ಅಂತ ಸದ್ದಾಗಿ ಒಂದೆರಡು ಕ್ಷಣದಲ್ಲಿ ಆರಿದರೆ ಸರಿ. ಹೋಟೆಲಿನವರು ನೀರು ಚೆಲ್ಲಿ ಪೊರಕೆಯಲ್ಲಿ ಗುಡಿಸುವುದು ಶುಚಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಅದು ಕಾವು ಇಳಿಸುವ ಕೆಲಸ. ಹುಯ್ಯುವ ಮುಂಚೆ ಮೇಲ್ಮೈಯನ್ನು ಒಂದು ಮಟ್ಟಕ್ಕೆ ತರುತ್ತದೆ. ಗಿರಾಕಿ ಇಲ್ಲದ ಹತ್ತು ನಿಮಿಷ ಹೆಂಚು ಖಾಲಿ ಕಾದಿರುತ್ತದಲ್ಲ, ಆಮೇಲಿನ ಮೊದಲ ದೋಸೆ ಯಾವಾಗಲೂ ಹರಿಯುತ್ತಿದ್ದುದು ಅದಕ್ಕೇ.

ಈಗಿನ ಕ್ರಮ: ನೀರು, ಪೊರಕೆ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಒಂದು ಒರೆ. ಒರೆ ಅಷ್ಟೇ, ಎಣ್ಣೆ ನಿಂತಿರಬಾರದು. ನಿಂತರೆ ಹಿಟ್ಟು ಜಾರುತ್ತದೆ, ಹರಡಲ್ಲ. ಉರಿ ಸಣ್ಣ ಮಾಡಿ ಹುಯ್ದು ಹರಡುತ್ತೇನೆ, ತಕ್ಷಣ ಉರಿ ದೊಡ್ಡದು. ಎಣ್ಣೆ ಅಥವಾ ಬೆಣ್ಣೆ ಈಗ, ಅಂಚಿಗೆ. ಆಮೇಲೆ ಕೈ ಕಟ್ಟಿ ನಿಲ್ಲಬೇಕು. ಇದೇ ಕಷ್ಟದ್ದು. ಕೆಳಗಿನ ನೀರೆಲ್ಲ ಆವಿಯಾಗಿ ಕಂದು ಪದರ ಕಟ್ಟಿದ ಮೇಲೆ ದೋಸೆ ತಾನೇ ಹೆಂಚನ್ನು ಬಿಡುತ್ತದೆ. ಅಂಚು ಕಿತ್ತಳೆ ಬಣ್ಣಕ್ಕೆ ಬಂದು ಸ್ವಲ್ಪ ಮೇಲೇಳುವುದೇ ಗುರುತು. ಅದಕ್ಕೆ ಮುಂಚೆ ಕೈ ಹಾಕಿದರೆ ಎಂಥ ಪಳಗಿದ ಹೆಂಚಾದರೂ ಕೈ ಕೊಡುತ್ತದೆ. ಹಿಟ್ಟಿನ ಅಳತೆ ಮಾತ್ರ ಕೇಳಬೇಡಿ, ಹೇಳಲ್ಲ. ಫ್ರಿಜ್‌ನಿಂದ ತೆಗೆದ ತಕ್ಷಣ ಹುಯ್ಯಬೇಡಿ ಅಂತ ಮಾತ್ರ ಹೇಳುತ್ತೇನೆ. ಈರುಳ್ಳಿ ಅದ್ದುವ ಎಣ್ಣೆಗೆ ನಾನು ಇನ್ನೊಂದು ಸೇರಿಸುತ್ತೇನೆ, ಅದೂ ನನ್ನಲ್ಲೇ ಇರಲಿ.

ಈರುಳ್ಳಿ ಬದಲು ಬದನೆಕಾಯಿ ತೊಟ್ಟು ನೋಡಿದೆ. ಒರೆಯುವುದಕ್ಕೆ ಅದೇ ಚೆಂದ, ಕೈ ಸುಡಲ್ಲ. ಆದರೆ ದಿನಕ್ಕೆ ಆರು ತೊಟ್ಟು ಎಲ್ಲಿಂದ ತರುವುದು, ನಮ್ಮನೆಯಲ್ಲಿ ವಾರಪೂರ್ತಿ ಬದನೆಕಾಯಿ ಪಲ್ಯ ಆಯಿತು.

ಒಮ್ಮೆ ಸಹಾಯಕ್ಕೆ ಬರುವ ಹುಡುಗಿ ಸೋಪಿನ ಪುಡಿ, ಸ್ಟೀಲ್ ಜುಂಗು ಹಾಕಿ ಬೆಳ್ಳಗೆ ಉಜ್ಜಿಟ್ಟಳು, ಪಾಪ, ಒಳ್ಳೆ ಮನಸ್ಸಿನಿಂದಲೇ. ಮರುದಿನ ಅಂಗಡಿ ಮುಚ್ಚಿ ಮತ್ತೆ ಆರು ಪದರ. ಈಗ ರಾತ್ರಿ ಹೆಂಚು ಬಿಸಿ ಇರುವಾಗಲೇ ನೀರು ಹಾಕಿ ಕೆರೆದು, ಉರಿಯಲ್ಲಿ ಒಣಗಿಸಿ, ತೆಳು ಎಣ್ಣೆ ಒರೆಸಿಡುತ್ತೇನೆ. ಚಪಾತಿಗೆ ಬೇರೆ ತವಾ. ಒಣ ಚಪಾತಿ ಸುಟ್ಟರೆ ದೋಸೆಗೆ ಕಟ್ಟಿದ ಎಣ್ಣೆಯ ಪದರ ಸುಟ್ಟು ಹೋಗುತ್ತದೆ.

ನೀರುದೋಸೆ ಮಾತ್ರ ಈ ಹೆಂಚಿನ ಮೇಲೆ ಇನ್ನೂ ಬಂದಿಲ್ಲ. ಉದ್ದಿಲ್ಲ, ಹುಳಿ ಬಂದಿರಲ್ಲ, ನೀರೇ ಜಾಸ್ತಿ. ಎರಚಿದ ತಕ್ಷಣ ಕಾವು ಕುಸಿಯುತ್ತದೆ, ಅಷ್ಟು ಅಗಲಕ್ಕೆ ಮುಚ್ಚಳವೂ ಇಲ್ಲ. ಅತ್ತೆಯ ಬೀಡಿನ ಕಾವಲಿಯನ್ನು ಜೋರಾಗಿ ಕಾಯಿಸಿ, ಮುಚ್ಚಿ ಮಾಡಿದರೆ ಹೂವಿನ ಹಾಗೆ ಏಳುತ್ತದೆ. ಅದು ಮನೆಯವರಿಗೆ, ಭಾನುವಾರಕ್ಕೆ.