ಹಾಳೆಯ ಅಂಚಿನಲ್ಲಿ ಕಂಡ ಹೆಬ್ಬೆರಳು

ಲಾಗಿನ್ ಆದ ಪ್ರತಿ ಸಲವೂ, ಕೆಲಸಗಾರರ ಮುಖ ನೋಡಿ ಹಾಜರಿ ಹಾಕುವ ನಮ್ಮ ಆ್ಯಪ್ ಒಂದು ಚಿತ್ರ ಉಳಿಸಿಕೊಳ್ಳುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ದೂರು ಬಂತು: ಜ್ವರ ಬಂದು ಮನೆಯಲ್ಲಿ ಮಲಗಿದ್ದ ಕೆಲಸಗಾರನಿಗೆ ಮೂರು ದಿನದ ಹಾಜರಿ ಬಿದ್ದಿದೆ. ಆ ಮೂರು ದಿನದ ಚಿತ್ರಗಳನ್ನು ತೆರೆದು ನೋಡಿದೆ. ಮುಖ ಅವನದೇ, ಬೆಳಕೂ ಚೆನ್ನಾಗಿದೆ, ಹೋಲಿಕೆಯ ಅಂಕವೂ ಉಳಿದ ದಿನಗಳಿಗಿಂತ ಹೆಚ್ಚೇ ಇದೆ. ಎರಡನೇ ಚಿತ್ರವನ್ನು ದೊಡ್ಡದು ಮಾಡಿದಾಗ ಕೆಳಗಿನ ಎಡ ಮೂಲೆಯಲ್ಲಿ ಒಂದು ಹೆಬ್ಬೆರಳು ಕಂಡಿತು. ಉಗುರಿನ ಕೆಳಗೆ ಬಿಳಿ ಅಂಚು, ಸ್ಟುಡಿಯೋದವರು ಫೋಟೊ ಸುತ್ತ ಬಿಡುವಂಥದ್ದು. ಯಾರೋ ಅವನ ಫೋಟೊವನ್ನು ಎ4 ಅಳತೆಗೆ ಪ್ರಿಂಟ್ ಹಾಕಿಸಿ ಕ್ಯಾಮೆರಾ ಮುಂದೆ ಹಿಡಿದಿದ್ದರು.

ಮುಖ ಗುರುತಿಸುವ ಭಾಗ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. 'ಇದು ಯಾರ ಮುಖ' ಎನ್ನುವುದಷ್ಟೇ ಅದಕ್ಕೆ ಕೇಳಿದ ಪ್ರಶ್ನೆ. 'ಮುಖದ ಜೊತೆ ಮನುಷ್ಯನೂ ಇದ್ದಾನೆಯೇ' ಎಂಬುದು ಬೇರೆಯೇ ಪ್ರಶ್ನೆ, ಅದನ್ನು ನಾವು ಕೇಳಿರಲೇ ಇಲ್ಲ. ಇದು ಹಳೆಯ ಪಾಠ. 2011ರಲ್ಲಿ ಆಂಡ್ರಾಯ್ಡ್ 4.0 ಜೊತೆ ಬಂದ ಮುಖದ ಬೀಗ ಫೋಟೊ ತೋರಿಸಿದರೆ ತೆರೆದುಕೊಳ್ಳುತ್ತಿತ್ತು. ಮರುವರ್ಷದ ಆವೃತ್ತಿಯಲ್ಲಿ ಕಣ್ಣು ಮಿಟುಕಿಸುವ ಪರೀಕ್ಷೆ ಸೇರಿಸಿದರು. ನಾನೂ ಅಲ್ಲಿಂದಲೇ ಶುರು ಮಾಡಿದೆ.

ರೆಪ್ಪೆ ಬಡಿದದ್ದನ್ನು ತಿಳಿಯುವ ವಿಧಾನ ಸರಳವಾಗಿದೆ. `dlib` ಎಂಬ ಕೋಡ್ ಲೈಬ್ರರಿ ಮುಖದ ಮೇಲೆ 68 ಬಿಂದುಗಳನ್ನು ಗುರುತಿಸಿ ಕೊಡುತ್ತದೆ, ಅದರಲ್ಲಿ ಒಂದೊಂದು ಕಣ್ಣಿಗೆ ಆರು. ಕಣ್ಣಿನ ಎತ್ತರವನ್ನು ಅಗಲದಿಂದ ಭಾಗಿಸಿದರೆ ತೆರೆದ ಕಣ್ಣಿಗೆ ಸುಮಾರು 0.30 ಬರುತ್ತದೆ, ಮುಚ್ಚಿದಾಗ 0.20ಕ್ಕಿಂತ ಕೆಳಗಿಳಿಯುತ್ತದೆ. ಇಳಿದು ಮತ್ತೆ ಏರಿದರೆ ಒಂದು ಮಿಟುಕು. ಪ್ರಿಂಟ್ ಹಾಕಿದ ಕಣ್ಣು ಮಿಟುಕಿಸುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಅದನ್ನು ಬಿಡುಗಡೆ ಮಾಡಿದೆ.

ನಮ್ಮ ತಂಡದಲ್ಲಿ ಪರೀಕ್ಷೆ ನೋಡಿಕೊಳ್ಳುವ ಹುಡುಗಿ ಮಧ್ಯಾಹ್ನದ ಊಟಕ್ಕೆ ಮೊದಲೇ ಅದನ್ನು ದಾಟಿದಳು. ನನ್ನದೇ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಂಚನ್ನು ತಟ್ಟನೆ ಹಿಂದಕ್ಕೆ ವಾಲಿಸಿ ಮತ್ತೆ ನೆಟ್ಟಗೆ ಮಾಡಿದಳು. "ಸರ್, ನೀವು ಕಣ್ಣು ಮಿಟುಕಿಸಿದ್ರಿ ನೋಡಿ" ಅಂದಳು. ಲಾಗ್ ತೆಗೆದೆ. ಹಾಳೆ ವಾಲಿದಾಗ ಅದರ ಮೇಲಿರುವ ಎಲ್ಲದರ ಎತ್ತರ ಕುಗ್ಗುತ್ತದೆ, ಅಗಲ ಮಾತ್ರ ಹಾಗೇ ಉಳಿಯುತ್ತದೆ. 50 ಡಿಗ್ರಿ ವಾಲಿದರೆ ಎತ್ತರ 0.64 ಪಾಲಿಗೆ ಇಳಿಯುತ್ತದೆ, 0.30 ಇದ್ದದ್ದು 0.19 ಆಗುತ್ತದೆ. ನನ್ನ ಲೆಕ್ಕದ ಪ್ರಕಾರ ಅದು ಮುಚ್ಚಿದ ಕಣ್ಣೇ.

ಇದನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ. ನಿಜವಾದ ಮಿಟುಕಿನಲ್ಲಿ ಕಣ್ಣಷ್ಟೇ ಕುಗ್ಗುತ್ತದೆ, ಮೂಗಿಗೂ ಬಾಯಿ ಕೆಳಗಿನ ಗಲ್ಲಕ್ಕೂ ನಡುವಿನ ದೂರ ಕುಗ್ಗುವುದಿಲ್ಲ. ಎರಡನ್ನೂ ಹೋಲಿಸಿದರೆ ವಾಲಿಸಿದ ಹಾಳೆ ಸಿಕ್ಕಿಬೀಳುತ್ತದೆ. ಆದರೆ ಮರುದಿನ ಅವಳು ಅದೇ ಫೋಟೊದ ಕಣ್ಣುಗಳನ್ನು ಬ್ಲೇಡಿನಿಂದ ಕತ್ತರಿಸಿ ತಂದಳು. ತೂತಿನ ಹಿಂದೆ ತನ್ನ ಕಣ್ಣಿಟ್ಟು ನಿಧಾನವಾಗಿ ಮಿಟುಕಿಸಿದಳು. ಮುಖ ನನ್ನದು, ರೆಪ್ಪೆ ಅವಳದು. ಪರೀಕ್ಷೆ ಪಾಸು. ಇದೂ ಹೊಸ ಉಪಾಯವೇನಲ್ಲ. ಈ ಕ್ಷೇತ್ರದವರು ಬಳಸುವ 2012ರ ಕಾಸಿಯಾ ಎಂಬ ಅಸಲಿ ನಕಲಿ ಮುಖಗಳ ವಿಡಿಯೊ ಸಂಗ್ರಹದಲ್ಲಿ ಕಣ್ಣು ಕತ್ತರಿಸಿದ ಫೋಟೊ ಒಂದು ಪ್ರತ್ಯೇಕ ವರ್ಗವಾಗಿಯೇ ಇದೆ. ಅದನ್ನು ಓದಿಯೂ ನಾನು ಕೈಬಿಟ್ಟಿದ್ದೆ.

ಅವತ್ತು ಸಂಜೆ ನನ್ನ ಯೋಚನೆಯ ದಿಕ್ಕು ಬದಲಾಯಿತು. ಅಲ್ಲಿಯವರೆಗೆ ಮುಖದಲ್ಲಿ ಜೀವದ ಗುರುತು ಹುಡುಕುತ್ತಿದ್ದೆ. ಜೀವದ ಗುರುತನ್ನು ಹಾಳೆಯ ಹಿಂದೆ ನಿಂತ ಮನುಷ್ಯ ಎರವಲು ಕೊಡಬಲ್ಲ. ಬದಲಿಗೆ ಹಾಳೆ ಎಷ್ಟೇ ಪ್ರಯತ್ನಪಟ್ಟರೂ ಮಾಡಲಾಗದ್ದು ಯಾವುದು ಎಂದು ಕೇಳಿಕೊಂಡೆ. ಹಾಳೆಯಲ್ಲಿ ಮೂಗು ಮುಂದೆ ಬರುವುದಿಲ್ಲ, ಅಷ್ಟೇ.

ಮೊದಲು 'ಫೋನ್ ಹತ್ತಿರ ತನ್ನಿ' ಎಂಬ ಪರೀಕ್ಷೆ ಮಾಡಿ ನೋಡಿದೆ. ನಿಜವಾದ ಮುಖ ಹತ್ತಿರ ಬಂದಾಗ ಮೂಗು ಬೇಗ ದೊಡ್ಡದಾಗುತ್ತದೆ, ಹಿಂದಿರುವ ಕಿವಿಗಳ ಭಾಗ ಅಷ್ಟು ದೊಡ್ಡದಾಗುವುದಿಲ್ಲ. ತೀರಾ ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಉಬ್ಬಿ ಕಾಣುವುದು ಇದರಿಂದಲೇ. ಮೂಗಿನ ಹೊಳ್ಳೆಗಳಿಗಿಂತ ಕಿವಿ ಸುಮಾರು 8 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಂಡರೆ, 50 ಸೆಂ.ಮೀ. ದೂರದಿಂದ 20ಕ್ಕೆ ಬರುವಷ್ಟರಲ್ಲಿ ಮೂಗಿಗೆ ಹೋಲಿಸಿದ ಮುಖದ ಅಗಲ ಸುಮಾರು 17% ಇಳಿಯುತ್ತದೆ. ಚಪ್ಪಟೆ ಹಾಳೆಯಲ್ಲಿ ಇಳಿಯುವುದೇ ಇಲ್ಲ. ಲೆಕ್ಕ ಸರಿಯೇ ಇತ್ತು, ಆದರೆ ಹಾಳೆಯನ್ನು ಬಗ್ಗಿಸಬಹುದು. ದೂರದಲ್ಲಿ ಚಪ್ಪಟೆಯಾಗಿ ಹಿಡಿದು, ಹತ್ತಿರ ತರುತ್ತಾ ಎರಡೂ ಅಂಚನ್ನು ಹಿಂದಕ್ಕೆ ಬಾಗಿಸಿದರೆ ಅಗಲ ತಾನಾಗಿ ಕಡಿಮೆಯಾಗುತ್ತದೆ. 3 ಸೆಂ.ಮೀ. ಬಾಗು ಸಾಕು, ನನ್ನ ಪರೀಕ್ಷೆ ಬಿದ್ದುಹೋಯಿತು. ಅಗಲವನ್ನು ಅಳೆದದ್ದೇ ತಪ್ಪಾಗಿತ್ತು, ಏಕೆಂದರೆ ಮುಖವನ್ನು ಸುತ್ತುವ ದಿಕ್ಕಿನಲ್ಲಿ ಬಾಗುವುದು ಹಾಳೆಗೆ ಅತಿ ಸುಲಭ.

ಕೊನೆಗೆ ನಿಂತದ್ದು 'ತಲೆ ಸ್ವಲ್ಪ ಮೇಲೆತ್ತಿ' ಎಂಬ ಪರೀಕ್ಷೆ. ಕನ್ನಡಿ ಮುಂದೆ ನಿಂತು ಮಾಡಿ ನೋಡಿದರೆ ತಕ್ಷಣ ತಿಳಿಯುತ್ತದೆ. ಗಲ್ಲ ಎತ್ತಿದಂತೆ ಮೂಗಿನ ತುದಿ ಕಣ್ಣುಗಳ ಕಡೆಗೆ ಏರುತ್ತದೆ, ಅದೇ ಹೊತ್ತಿಗೆ ಮೂಗು ಗಲ್ಲಗಳ ನಡುವಿನ ಅಂತರ ಹಿಗ್ಗುತ್ತದೆ. ಒಂದು ಕುಗ್ಗುವಾಗ ಇನ್ನೊಂದು ಹಿಗ್ಗಲು ಕಾರಣ ಮೂಗು ಕಣ್ಣು ಗಲ್ಲ ಎರಡಕ್ಕಿಂತಲೂ ಮುಂದಿರುವುದು. ಹಾಳೆ ವಾಲಿದಾಗ ಎರಡೂ ಒಟ್ಟಿಗೆ ಕುಗ್ಗುತ್ತವೆ.

ನನ್ನ ಮುಖವನ್ನೇ ಅಳತೆಪಟ್ಟಿಯಲ್ಲಿ ಅಳೆದೆ. ಕಣ್ಣಿನ ಮಟ್ಟದಿಂದ ಮೂಗಿನ ತುದಿಗೆ ಸುಮಾರು 4 ಸೆಂ.ಮೀ., ಅಲ್ಲಿಂದ ಗಲ್ಲಕ್ಕೆ 7. ಮೂಗಿನ ತುದಿ ಕಣ್ಣಿನ ಹೊರಮೂಲೆಗಿಂತ 4 ಸೆಂ.ಮೀ. ಮುಂದಿದೆ, ಗಲ್ಲಕ್ಕಿಂತ 3. ನೆಟ್ಟಗೆ ನೋಡಿದಾಗ ಮೇಲಿನ ದೂರವನ್ನು ಕೆಳಗಿನದರಿಂದ ಭಾಗಿಸಿದರೆ 0.57. ತಲೆಯನ್ನು 15 ಡಿಗ್ರಿಯಷ್ಟೇ ಎತ್ತಿದರೆ ಮೇಲಿನದು 2.8ಕ್ಕೆ ಇಳಿಯುತ್ತದೆ, ಕೆಳಗಿನದು 7.5ಕ್ಕೆ ಏರುತ್ತದೆ, ಅನುಪಾತ 0.37 ಆಗುತ್ತದೆ. ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಇಳಿತ. ಕಣ್ಣಿನಿಂದ ಗಲ್ಲದವರೆಗಿನ ಒಟ್ಟು ಎತ್ತರ ಮಾತ್ರ 11 ಇದ್ದದ್ದು 10.3 ಆಯಿತು, ಹೆಚ್ಚೇನೂ ಬದಲಾಗಲಿಲ್ಲ. ಕೆಳಗಿನ ಕೋಡಿನಲ್ಲಿ `p` ಎಂದರೆ ಆ 68 ಬಿಂದುಗಳು: 36 ಮತ್ತು 45 ಕಣ್ಣುಗಳ ಹೊರಮೂಲೆ, 30 ಮೂಗಿನ ತುದಿ, 8 ಗಲ್ಲ.

```python
def anupata(p):
    kannu = (p[36][1] + p[45][1]) / 2
    mugu, galla = p[30][1], p[8][1]
    return (mugu - kannu) / (galla - mugu)
```

ಇದಕ್ಕೆ ಮೊದಲು ಎರಡು ಕಣ್ಣುಗಳೂ ಒಂದೇ ಮಟ್ಟಕ್ಕೆ ಬರುವಂತೆ ಚಿತ್ರವನ್ನು ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಫೋನ್ ಓರೆ ಹಿಡಿದವರಿಗೆಲ್ಲ ತಪ್ಪು ಅಂಕ ಬರುತ್ತದೆ. ಬಿಂದುಗಳು ಒಂದೊಂದು ಫ್ರೇಮಿನಲ್ಲಿ ಕುಣಿಯುವುದರಿಂದ ಐದು ಫ್ರೇಮುಗಳ ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿ ನಟ್ಟನಡುವಿನದನ್ನು ತೆಗೆದುಕೊಂಡೆ.

ಹಾಳೆಯಲ್ಲೂ ಈ ಅನುಪಾತ ಒಂದಿಷ್ಟೂ ಅಲುಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದಕ್ಕೆ ವಾಲಿಸಿದಾಗ ಗಲ್ಲದ ಕಡೆ ಕ್ಯಾಮೆರಾಕ್ಕೆ ಹತ್ತಿರವಾಗಿ ದೊಡ್ಡದಾಗಿ ಕಾಣುತ್ತದೆ. 30 ಸೆಂ.ಮೀ. ದೂರದಲ್ಲಿ 20 ಡಿಗ್ರಿ ವಾಲಿಸಿದರೆ ಸುಮಾರು 12% ಇಳಿತ ಸಿಗುತ್ತದೆ. 45 ಡಿಗ್ರಿ ವಾಲಿಸಿದರೆ 24% ತನಕ ಹೋಗುತ್ತದೆ, ಆದರೆ ಅಷ್ಟು ವಾಲಿದಾಗ ಮುಖದ ಒಟ್ಟು ಎತ್ತರ ಕಣ್ಣುಗಳ ನಡುವಿನ ಅಗಲಕ್ಕೆ ಹೋಲಿಸಿದರೆ ಸುಮಾರು 15% ಕುಸಿದಿರುತ್ತದೆ. ಅದಕ್ಕೇ ಎರಡು ಷರತ್ತು ಇಟ್ಟೆ: ಅನುಪಾತ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಬೇಕು, ಒಟ್ಟು ಎತ್ತರ ಹೆಚ್ಚೆಂದರೆ ಏಳನೇ ಒಂದು ಭಾಗ ಕುಗ್ಗಬಹುದು. ಆ ದೂರದಲ್ಲಿ ಎರಡೂ ಒಟ್ಟಿಗೆ ಆಗಬೇಕಾದರೆ ಮೂಗು ನಿಜವಾಗಿ ಮುಂದೆ ಚಾಚಿರಬೇಕು. ಅಕ್ಕಪಕ್ಕಕ್ಕೆ ಬಾಗಿಸಿದ ಹಾಳೆಯೂ ಇಲ್ಲಿ ಸೋಲುತ್ತದೆ, ಏಕೆಂದರೆ ಅದು ಮೇಲೆಕೆಳಗೂ ಬಾಗಿ ಚೆಂಡಾಗಲಾರದು, ಸುಕ್ಕುಗಟ್ಟುತ್ತದೆ. ಕಣ್ಣು ಕತ್ತರಿಸಿದ ಫೋಟೊ ಕೂಡ ದಾಟಲಿಲ್ಲ. ನಮ್ಮ ಹುಡುಗಿ ಎರಡು ದಿನ ಪ್ರಯತ್ನಿಸಿ ಪ್ರಿಂಟ್‌ಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟಳು.

ಆದರೆ ಹಾಳೆಯನ್ನು ತಡೆಯುವುದು ಅರ್ಧ ಕೆಲಸ ಮಾತ್ರ. ಬಾಗಿಲ ಮುಂದೆ ನಿಂತ ನಿಜವಾದ ಮನುಷ್ಯನನ್ನು ತಡೆಯದಿರುವುದು ಇನ್ನರ್ಧ. ಈ ಪರೀಕ್ಷೆಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ/ಐಇಸಿ 30107-3 ಕೂಡ ಎರಡನ್ನೂ ಬೇರೆ ಬೇರೆ ಎಣಿಸಲು ಹೇಳುತ್ತದೆ: ಒಳಬಿಟ್ಟ ನಕಲಿ ಎಷ್ಟು, ಹೊರಗಿಟ್ಟ ಅಸಲಿ ಎಷ್ಟು. ಎರಡನ್ನೂ ಕೂಡಿಸಿ 'ಇಷ್ಟು ಶೇಕಡಾ ಸರಿ' ಎಂದು ಒಂದೇ ಅಂಕಿ ಹೇಳಿದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಉದ್ದ ಗಡ್ಡ ಬಿಟ್ಟವರಲ್ಲಿ ಗಲ್ಲದ ಬಿಂದು ಅಲೆದಾಡಿತು. ಬೆಳಗಿನ ಎಳೆಬಿಸಿಲು ಬೆನ್ನ ಹಿಂದಿದ್ದವರ ಮುಖ ಕಪ್ಪಾಗಿ ಬಿಂದುಗಳೇ ಸಿಗಲಿಲ್ಲ. ಇಂಥವರಿಗೆ 'ನೀವು ನಕಲಿ' ಎನ್ನುವ ಬದಲು 'ಮುಖ ಸ್ಪಷ್ಟವಾಗಿ ಕಾಣುತ್ತಿಲ್ಲ, ಬೆಳಕಿನ ಕಡೆ ತಿರುಗಿ' ಎಂದು ಹೇಳಿಸಿದೆ. ಕಾಣದಿರುವುದಕ್ಕೂ ಸುಳ್ಳಾಗಿರುವುದಕ್ಕೂ ಬೇರೆ ಬೇರೆ ಉತ್ತರ ಕೊಡಲೇಬೇಕು, ಒಬ್ಬರ ದಿನಗೂಲಿ ಅದರ ಮೇಲೆ ನಿಂತಿರುತ್ತದೆ.

ಈ ಪರೀಕ್ಷೆ ಎಲ್ಲಿಯವರೆಗೆ ಎಂಬುದೂ ನನಗೆ ಗೊತ್ತಿದೆ. ಯಾರಾದರೂ ತಲೆ ಎತ್ತುತ್ತಿರುವ ವಿಡಿಯೊವನ್ನೇ ಟ್ಯಾಬ್ಲೆಟ್ಟಿನಲ್ಲಿ ತೋರಿಸಿದರೆ ಅನುಪಾತ ಸರಿಯಾಗಿಯೇ ಇಳಿಯುತ್ತದೆ. ಅದಕ್ಕೆ ಮೇಲೆತ್ತಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂಬ ಆದೇಶಗಳನ್ನು ಪ್ರತಿ ಸಲ ಬೇರೆ ಕ್ರಮದಲ್ಲಿ ಸರ್ವರ್‌ನಿಂದ ಕಳಿಸುತ್ತೇವೆ, ಕೆಲವೇ ಸೆಕೆಂಡು ಕಾಯುತ್ತೇವೆ. ಕ್ಯಾಮೆರಾವನ್ನೇ ಬದಿಗಿಟ್ಟು ಫೋನಿಗೆ ನೇರವಾಗಿ ವಿಡಿಯೊ ತುಂಬುವವರ ಮುಂದೆ ಮುಖದ ಲೆಕ್ಕ ಯಾವುದೂ ನಡೆಯದು, ಅಲ್ಲಿ ಫೋನಿನ ಸಾಚಾತನವನ್ನು ಬೇರೆಯಾಗಿ ಪರೀಕ್ಷಿಸಬೇಕು. ಆಳ ಅಳೆಯುವ ಸೆನ್ಸರ್ ಇರುವ ದುಬಾರಿ ಫೋನುಗಳಲ್ಲಿ ಈ ತಾಪತ್ರಯವೇ ಕಡಿಮೆ. ಆ್ಯಪಲ್‌ನ ಫೇಸ್ ಐಡಿ ಮುಖದ ಮೇಲೆ 30,000ಕ್ಕೂ ಹೆಚ್ಚು ಅವಗೆಂಪು ಚುಕ್ಕೆಗಳನ್ನು ಚೆಲ್ಲಿ ಉಬ್ಬುತಗ್ಗು ಓದುತ್ತದೆ. ನಮ್ಮ ಕೆಲಸಗಾರರ ಕೈಲಿರುವುದು ಒಂದೇ ಮುಂಗ್ಯಾಮೆರಾದ ಫೋನು.

ಬಿಡುಗಡೆಯಾದ ವಾರ ನಾನು ಒಂದು ಸೈಟಿನ ಗೇಟಿನ ಬಳಿ ನಿಂತು ನೋಡುತ್ತಿದ್ದೆ. ವಯಸ್ಸಾದ ಕಾವಲುಗಾರರೊಬ್ಬರು ಮೂರು ಸಲ ಪ್ರಯತ್ನಿಸಿ ಸೋತರು. "ಕತ್ತು ಹಿಡ್ಕೊಂಡಿದೆ ಕಣಪ್ಪಾ, ಮೇಲಕ್ಕೆ ಏಳಲ್ಲ" ಅಂದರು. ಕ್ಯಾಮೆರಾಕ್ಕೆ ಬೇಕಾದದ್ದು ಮುಖಕ್ಕೂ ತನಗೂ ನಡುವಿನ ಕೋನ ಬದಲಾಗುವುದು ಮಾತ್ರ, ಕತ್ತೇ ಎತ್ತಬೇಕೆಂದಿಲ್ಲ. "ಯಜಮಾನ್ರೇ, ತಲೆ ಹಾಗೇ ಇರಲಿ, ಫೋನನ್ನು ಎದೆ ಮಟ್ಟಕ್ಕೆ ಇಳಿಸಿ, ಪರದೆ ಮುಖದ ಕಡೆಗೇ ಇರಲಿ" ಅಂದೆ. ಇಳಿಸಿದರು. ಹಸಿರು ಗೆರೆ ಬಂತು. ಮುಂದಿನ ಆವೃತ್ತಿಯಲ್ಲಿ ಎರಡು ಸಲ ಸೋತವರಿಗೆ ಪರದೆಯ ಮೇಲೆ ಬರುವ ಸೂಚನೆಯನ್ನು ಹಾಗೆಯೇ ಬದಲಿಸಿದೆ: 'ತಲೆ ಎತ್ತಲು ಆಗದಿದ್ದರೆ ಫೋನ್ ಕೆಳಗಿಳಿಸಿ.'