ವಾಯ್ಸ್ ಟೈಪಿಂಗ್ ಮಾಡಿದ ಪಾಟಿ ಸವಾಲನ್ನ ನಾ ಹೆಂಗ ಚೆಕ್ ಮಾಡ್ತೀನಿ

ಸಾಕ್ಷಿ ಹೇಳಿಕೆ ಒಳಗ ಎಲ್ಲೇ ಆಗ್ಲಿ "6 ಎಕರೆ 72 ಗುಂಟೆ" ಅಂತ ಕಂಡ್ರ ಅಲ್ಲೇ ನಿಲ್ರಿ. 40 ಗುಂಟೆಗೆ ಒಂದು ಎಕರೆ ಆಗ್ತೈತಿ, ಹಂಗಾಗಿ ಎಕರೆ ಮುಂದ 40 ಮತ್ತ ಅದಕ್ಕಿಂತ ಹೆಚ್ಚಿನ ಗುಂಟೆ ಬರಾಕ ಸಾಧ್ಯನೇ ಇಲ್ಲ. ಮಷಿನ್ನಿಗೆ ಇದು ಗೊತ್ತಿಲ್ಲ, ಅದಕ್ಕ ಇಪ್ಪತ್ತೆರಡೂ ಒಂದ, ಎಪ್ಪತ್ತೆರಡೂ ಒಂದ.

ಧಾರವಾಡದಾಗ ಒಬ್ರು ವಕೀಲರ ಆಫೀಸಿನ್ಯಾಗ ನಾ ಟೈಪಿಂಗ್ ನೋಡ್ಕೋತೀನಿ. ಸಿವಿಲ್ ದಾವೆದಾಗ ಪಾಟಿ ಸವಾಲು ಬರ್ಕೊಳ್ಳಾಕ ಕೋರ್ಟ್ ನಮ್ ಸಾಹೇಬ್ರನ್ನ ಆಗಾಗ ಕಮಿಷನರ್ ಅಂತ ನೇಮಸ್ತೈತಿ, ಸಿಪಿಸಿ ಆರ್ಡರ್ 18 ರೂಲ್ 4ರಾಗ ಅದಕ್ಕ ಅವಕಾಶ ಐತಿ. ವಕೀಲರು ಪ್ರಶ್ನೆ ಕೇಳ್ತಾರ, ಸಾಕ್ಷಿ ಉತ್ತರ ಕೊಡ್ತಾನ, ಸಾಹೇಬ್ರು ಅದನ್ನ ಕೋರ್ಟ್ ಕನ್ನಡದಾಗ ಮೈಕಿಗೆ ಹೇಳ್ತಾರ, ಲ್ಯಾಪ್‌ಟಾಪಿನ್ಯಾಗ ಅಕ್ಷರ ಬೀಳ್ತಾವ. ಎರಡೂ ಕಡಿಯವರಿಗೆ ಹೇಳೇ ಬಾಜೂಕ ಒಂದು ರೆಕಾರ್ಡರ್ ಇಟ್ಟಿರ್ತೀವಿ, ಅದು ಮೊದಲಿಂದ ಕೊನೀತನಕ ಓಡ್ತಿರ್ತೈತಿ. ಸಾಕ್ಷಿ ಸಹಿ ಹಾಕೂಕಿಂತ ಮೊದಲ ಸಿಗೋ ಚಾ ಕುಡಿಯೋ ಹೊತ್ತಿನ್ಯಾಗ ನಾ ಅಷ್ಟನ್ನೂ ಚೆಕ್ ಮಾಡಬೇಕು.

ಇಲ್ಲಿ ಸ್ಪೆಲ್ಲಿಂಗ್ ತಪ್ಪು ಹುಡುಕ್ಕೋತ ಕುಂತ್ರ ಏನೂ ಸಿಗಂಗಿಲ್ಲ. ವಾಯ್ಸ್ ಟೈಪಿಂಗ್ ಕೇಳಿದ್ದಕ್ಕ ಹತ್ರ ಇರೋ, ಅದಕ್ಕ ಪರಿಚಯ ಇರೋ ಪದಾನೇ ಹಾಕ್ತೈತಿ, ಹಂಗಾಗಿ ತಪ್ಪು ಪದಾನೂ ಸರಿಯಾಗೇ ಬರದಿರ್ತೈತಿ. ಆಸ್ತಿ ಪಾಲಿಗೆ ಹೇಳೋ ವಾಟ್ನಿ ಅಂದ್ರ ಅಟಾರ್ನಿ ಬರ್ತೈತಿ, ಕಬ್ಜಾ ಅಂದ್ರ ಕಬ್ಬು ಬರ್ತೈತಿ, "ಜಮೀನು ಪ್ರತಿವಾದಿಯ ಕಬ್ಬಿನಲ್ಲಿದೆ" ಅಂತ ಓದಿದ್ರ ನಗು ಬರ್ತೈತಿ ಖರೆ, ಆದ್ರ ನಗು ಬರೋ ತಪ್ಪು ತ್ರಾಸ ಕೊಡಂಗಿಲ್ಲ, ಯಾರ ಕಣ್ಣಿಗಾದ್ರೂ ಬಿದ್ದೇ ಬೀಳ್ತಾವ. ನಗು ಬರದೇ ಇರೋವು ತ್ರಾಸಿನವು. "ಪ್ರತಿವಾದಿ" ಅನ್ನೋದು "ಪ್ರತಿ ವಾದಿ" ಆಗಿ ಒಡದ್ರ ಒಂದು ಸ್ಪೇಸಿನ್ಯಾಗ ಪಾರ್ಟಿನೇ ಬದಲಾಗಿ ಹೋಗ್ತಾನ. ಇದನ್ನ ನಾ ಕಣ್ಣಿಂದ ಹುಡುಕಂಗಿಲ್ಲ, ಫೈಂಡ್‌ನಾಗ ಸ್ಪೇಸ್ ಸಮೇತ "ಪ್ರತಿ ವಾದಿ" ಅಂತ ಹಾಕಿ ಒಂದೊಂದ ನೋಡಿ ಕೂಡಸ್ತೀನಿ.

ಒಂದೇ ಸಲಕ್ಕ ಎಲ್ಲಾ ನೋಡಾಕ ಹೋಗಂಗಿಲ್ಲ. ಮೊದಲು ಬರೇ ಅಂಕಿ, ಆಮ್ಯಾಲೆ ಬರೇ ಹೆಸರು, ಕಡೀಕ "ಸರಿ" "ಸರಿಯಲ್ಲ" ಇರೋ ಸಾಲು.

ಅಂಕಿ ನೋಡುವಾಗ ಕೆಳಗಿಂದ ಮ್ಯಾಲೆ ಹೋಗ್ತೀನಿ, ಇಲ್ಲಾಂದ್ರ ಕತಿ ಓದಕೋತ ಹೋಗಿಬಿಡ್ತೀವಿ. ಕೈ ಕೊಡೋ ಜೋಡಿ ಯಾವಾಗ್ಲೂ ಇವೇ: ಇಪ್ಪತ್ತು–ಎಪ್ಪತ್ತು, ಎಂಬತ್ತು–ತೊಂಬತ್ತು, ಹದಿಮೂರು–ಹದಿನಾರು. ಒಂದು ವಾಟ್ನಿ ದಾವೆ, ನವಲಗುಂದ ಕಡಿ ಎರಿ ಹೊಲ, ಸರ್ವೆ ನಂಬರ್ 122/3. ಸ್ಕ್ರೀನಿನ್ಯಾಗ ಒಟ್ಟು ಕ್ಷೇತ್ರ 6 ಎಕರೆ 72 ಗುಂಟೆ ಇತ್ತು, ಅದು ಆಗದ ಮಾತು. ಕೆಳಗ ಮೂರು ಮಂದಿ ಹಿಸ್ಸಾ: 2 ಎಕರೆ 10, 2 ಎಕರೆ 10, 2 ಎಕರೆ 12. ಕೂಡಿಸಿದ್ರ 6 ಎಕರೆ 32 ಗುಂಟೆ. ಪಹಣಿ ಉತಾರದಾಗ ನೋಡಿದ್ರ 6 ಎಕರೆ 22. ಅಂದ್ರ ಒಟ್ಟೂ ತಪ್ಪೈತಿ, ಹಿಸ್ಸಾದಾಗೂ ಎಲ್ಲೋ 10 ಗುಂಟೆ ಹೆಚ್ಚಿಗಿ ಐತಿ. ಇಲ್ಲಿ ಉತಾರ ನೋಡಿ ಸೀದಾ ತಿದ್ದಿಬಿಡೋಣ ಅನ್ನಸ್ತೈತಿ, ಅದನ್ನ ಮಾತ್ರ ಮಾಡಬಾರದು. ರೆಕಾರ್ಡರ್ ಹಿಂದಕ್ಕ ಹೊಡದು ಕೇಳಿದೆ. ಸಾಕ್ಷಿ ಒಟ್ಟು "ಇಪ್ಪತ್ತೆರಡು" ಅಂತಾನೇ ಅಂದಿದ್ದ, ಮೂರನೇ ಹಿಸ್ಸಾಕ್ಕ "ಎರಡ ಎಕರೆ ಎರಡ ಗುಂಟೆ" ಅಂದಿದ್ದ, ಸಾಹೇಬ್ರೂ ಹಂಗೇ ಹೇಳಿದ್ರು, ಹನ್ನೆರಡು ಮಾಡಿದ್ದು ಮಷಿನ್ನು. ಎರಡೂ ತಿದ್ದಿದೆ.

ಅದೇ ಸಾಕ್ಷಿ ಮುಂದ ವಾಟ್ನಿ ಆಗಿದ್ದು 1996ರಾಗ ಅಂದಂಗ ಸ್ಕ್ರೀನಿನ್ಯಾಗ ಇತ್ತು, ದಾವಾ ಪ್ರತಿದಾಗ 1986 ಇತ್ತು. ಎಂಬತ್ತು–ತೊಂಬತ್ತಿನ ಗೊಂದಲ ಇರಬೇಕು ಅಂತ ಕೇಳಿದ್ರ ಸಾಕ್ಷಿ ಬಾಯಾಗೇ "ತೊಂಬತ್ತಾರನೇ ಇಸ್ವಿ" ಅಂತ ಸ್ಪಷ್ಟ ಐತಿ. ಅದನ್ನ ಮುಟ್ಟಲಿಲ್ಲ. ಅಂವ ತಪ್ಪು ಹೇಳಿದ್ರ ತಪ್ಪಾಗೇ ಇರಬೇಕು, ಆ ತಪ್ಪಿನ ಮ್ಯಾಲೇ ಎದುರಿನ ವಕೀಲರು ವಾದ ಮಾಡ್ತಾರ. ಉತಾರ, ದಾವಾ ಪ್ರತಿ ಇವೆಲ್ಲ ಎಲ್ಲಿ ಡೌಟ್ ಪಡಬೇಕು ಅನ್ನೋದಷ್ಟ ತೋರಸ್ತಾವ, ಏನ್ ಬರೀಬೇಕು ಅನ್ನೋದನ್ನ ಆಡಿಯೋನೇ ಹೇಳಬೇಕು.

ಹೆಸರಿಗೆ ದಾವೆದಾಗಿನ ವಂಶಾವಳಿ ಝೆರಾಕ್ಸ್ ಬಾಜೂಕ ಇಟ್ಕೋತೀನಿ. ಈರಪ್ಪ–ವೀರಪ್ಪ, ನಿಂಗಪ್ಪ–ಲಿಂಗಪ್ಪ, ಬಸಪ್ಪ–ಬಸವ್ವ, ಇವೆಲ್ಲ ಒಂದೇ ಮನ್ಯಾಗ ಇರ್ತಾವ. ಮ್ಯಾಲೆ ನಮ್ ಕಡಿ ಅಜ್ಜನ ಹೆಸರು ಮೊಮ್ಮಗಗ ಇಡ್ತಾರಲ್ಲ, ಹಂಗಾಗಿ ಅಕ್ಷರ ಸರಿ ಇದ್ರೂ ಯಾವ ಬಸಪ್ಪ ಅನ್ನೋದು ಉಳೀತೈತಿ. ಅದಕ್ಕ ತಂದಿ ಹೆಸರು ಬೇಕೇ ಬೇಕು, ಅಲ್ಲೂ ಮಷಿನ್ನು "ಬಸಪ್ಪ ತಂದೆ ಈರಪ್ಪ" ಅಂದ್ರ "ಬಸಪ್ಪ ತಂದ ಈರಪ್ಪ" ಅಂತ ಹಾಕಿರ್ತೈತಿ, ಬಸಪ್ಪ ಅವನ್ನ ಎಲ್ಲಿಂದ ತಂದ್ನೋ ದೇವ್ರೇ ಬಲ್ಲ. ಸಾಕ್ಷಿ ಬರೇ ಬಸಪ್ಪ ಅಂದಿದ್ರ ನಾ ತಂದಿ ಹೆಸರು ಸೇರಸಂಗಿಲ್ಲ, ಸಾಹೇಬ್ರಿಗೆ ಚೀಟಿ ಕೊಡ್ತೀನಿ, ಅವರು ವಕೀಲರ ಎದುರಿಗೇ "ಯಾವ ಬಸಪ್ಪ ರೀ" ಅಂತ ಕೇಳಿ ಬರಸ್ತಾರ. ನಿಶಾನೆ ನಂಬರಿಗೂ ಹಂಗ, ನಿ.ಪಿ.7 ಅಂದ್ರ ವಾದಿ ಕಾಗದ, ನಿ.ಡಿ.7 ಅಂದ್ರ ಪ್ರತಿವಾದಿದ್ದು, ಪಿ ಮತ್ತ ಡಿ ಮೈಕಿಗೆ ಒಂದೇ ತರ ಕೇಳಸ್ತಾವ. ನಂಬರ್ ಒಂದೇ ನೋಡಿದ್ರ ಸಾಲಂಗಿಲ್ಲ, ಆ ಸಾಲಿನ್ಯಾಗ ಹೇಳಿದ ಕಾಗದ ಯಾವುದು ಅಂತ ನಿಶಾನೆ ಪಟ್ಟಿ ಜೋಡಿ ಹೊಂದಸ್ಬೇಕು.

ಬಾಳ ಹೊತ್ತು ನಾ ಕೊಡೋದು ಕಡೀ ಸುತ್ತಿಗೆ. ಪಾಟಿ ಸವಾಲಿನ ಬಾಳಷ್ಟು ಸಾಲು "…ಎಂದರೆ ಸರಿ" ಇಲ್ಲಾ "…ಎಂದರೆ ಸರಿಯಲ್ಲ" ಅಂತ ಮುಗೀತಾವ. ಸಾಹೇಬ್ರು ದಣದಾಗ ಕಡೀ "ಯಲ್ಲ" ಬಾಯಾಗೇ ಉಳೀತೈತಿ, ಮಷಿನ್ನು ಬರೇ "ಸರಿ" ಬರೀತೈತಿ, ಸಾಕ್ಷಿ ನಿರಾಕರಿಸಿದ್ದು ಒಪ್ಪಿಗಿ ಆಗಿ ಕುಂದರ್ತೈತಿ. ಇನ್ನೊಂದು, ಉತ್ತರ ಬರೂಕಿಂತ ಮೊದಲ ವಕೀಲರು "ಸರಿ ಸರಿ, ಮುಂದ ಹೋಗ್ರಿ" ಅಂದಿರ್ತಾರ, ಮೈಕ್ ಆನ್ ಇದ್ರ ಆ "ಸರಿ" ಸಾಕ್ಷಿ ಲೆಕ್ಕಕ್ಕ ಬೀಳ್ತೈತಿ. ನಮ್ ಭಾಷೆ ತ್ರಾಸ ಬ್ಯಾರೆ. ಸಾಕ್ಷಿ "ರೊಕ್ಕಾ ಕೊಟ್ಟೇನಲ್ರೀ" ಅಂದ್ರ ಕೊಟ್ಟೀನಿ ಅಂತ ಒತ್ತಿ ಹೇಳಿದಂಗ, ಮಷಿನ್ನಿಗೆ ಅದು "ಕೊಟ್ಟಿಲ್ಲ". ಈ ಸಾಲುಗಳನ್ನ ಎಲ್ಲಾ ಕಾಗದದ ಮ್ಯಾಲೆ ಟಿಕ್ ಹಾಕ್ಕೋತ, ಪ್ರತಿಯೊಂದಕ್ಕೂ ಆಡಿಯೋದಾಗ ಸಾಕ್ಷಿ ಧ್ವನಿ ಹುಡುಕಿ ಕೇಳ್ತೀನಿ. ಸಾಹೇಬ್ರ ಧ್ವನಿ ಕೇಳಿದ್ರ ಆಗಂಗಿಲ್ಲ, ಸಾಕ್ಷಿದ್ದೇ ಆಗಬೇಕು. ಸಾಕ್ಷಿ ತಲಿ ಅಷ್ಟ ಅಲ್ಲಾಡ್ಸಿದ್ದ ಅಂದ್ರ ಆಡಿಯೋದಾಗ ಏನೂ ಇರಂಗಿಲ್ಲ, ಅದಕ್ಕಂತ ಈಗ ಸಾಹೇಬ್ರು "ಬಾಯಿ ಬಿಟ್ಟು ಹೇಳ್ರೀ ಯಜಮಾನ್ರ" ಅಂತ ಮೊದಲ ಹೇಳಿಬಿಡ್ತಾರ.

ಇಷ್ಟಾದ ಮ್ಯಾಲೆ ಪ್ರಿಂಟ್ ತಗದು, ಎರಡೂ ಕಡಿ ವಕೀಲರು ಇದ್ದಾಗ ಸಾಕ್ಷಿಗೆ ಸಾವಕಾಶ ಓದಿ ಹೇಳ್ತೀವಿ, ಅಂಕಿ ಬಂದಲ್ಲಿ ನಾ "ಎರಡು ಎರಡು, ಇಪ್ಪತ್ತೆರಡು" ಅಂತ ಒಡದು ಓದ್ತೀನಿ. ಆಗ ಏನಾದ್ರೂ ಸಿಕ್ರ ಹೊಸಾ ಪ್ರಿಂಟ್ ತಗ್ಯಂಗಿಲ್ಲ, ಅದೇ ಹಾಳಿ ಮ್ಯಾಲೆ ಪೆನ್ನಿಲೆ ಗೀಟ ಹೊಡದು, ಹಳೇದು ಕಾಣೂವಂಗ ಬಿಟ್ಟು, ಬಾಜೂಕ ಸರಿ ಇದ್ದದ್ದು ಬರದು ಸಾಹೇಬ್ರು ಚಿಕ್ಕ ಸಹಿ ಹಾಕ್ತಾರ. ಸಾಕ್ಷಿ ಸಹಿ ಬಿದ್ದ ಮ್ಯಾಲೆ ಕಣ್ಣಿಗೆ ಬಿದ್ದ ತಪ್ಪನ್ನ ಒಂದು ಚುಕ್ಕಿ ಇದ್ರೂ ನಾ ಮುಟ್ಟಂಗಿಲ್ಲ, ಸಾಹೇಬ್ರ ಕಿವಿಗೆ ಹಾಕ್ತೀನಿ, ಕೋರ್ಟಿಗೆ ಹೇಳೋದು ಅವರ ಕೆಲಸ.