ಓದಿನ ಪಟ್ಟಿ ಹಿಡಿದು ಪ್ರೊಫೆಸರ್‌ಗೆ ಇಮೇಲ್ ಬರೆದದ್ದು

ಇಂಗ್ಲೆಂಡಿನಲ್ಲಿ ಡೆವಲಪ್‌ಮೆಂಟ್ ಸ್ಟಡೀಸ್ ಎಂ.ಎ. ಓದುವಾಗ ಕ್ಷಾಮದ ಮೇಲೆ ಒಂದು ಪ್ರಬಂಧ ಬರೆಯಬೇಕಿತ್ತು. ಅದರ ಓದಿನ ಪಟ್ಟಿಯೇ ಪುಟಗಟ್ಟಲೆ ಇತ್ತು. ‘ಕಡ್ಡಾಯ’ ಅಂತ ಗುರುತಿಸಿದ್ದು ಸೆಮಿನಾರ್‌ಗೆ ಸಾಕಾಗುತ್ತಿತ್ತು. ಪ್ರಬಂಧಕ್ಕೆ ಬೇಕಾದದ್ದು ‘ಹೆಚ್ಚಿನ ಓದು’ ಅನ್ನುವ ಉದ್ದ ಭಾಗದಲ್ಲಿತ್ತು.

ಸಹಪಾಠಿಯೊಬ್ಬಳು ಪ್ರೊಫೆಸರ್‌ಗೆ “ಇದರಲ್ಲಿ ಯಾವುದು ಮುಖ್ಯ?” ಅಂತ ಬರೆದು ಕೇಳಿದ್ದಳು. “ಎಲ್ಲವೂ ಮುಖ್ಯ, ಆಸಕ್ತಿ ಇರುವುದರಿಂದ ಶುರು ಮಾಡಿ” ಅಂತ ಉತ್ತರ ಬಂತು. ಇಂಥ ಉತ್ತರ ಬಂದರೆ ಪ್ರಶ್ನೆ ತೀರಾ ಅಗಲವಾಗಿತ್ತು ಅಂತ ತಿಳಿಯಬೇಕು. ಪಟ್ಟಿ ಮಾಡಿದ್ದೇ ಅವರು. ಯಾವ ಕೆಲಸಕ್ಕೆ ಮುಖ್ಯ ಅಂತ ಗೊತ್ತಾಗದೆ ಅವರಾದರೂ ಏನು ಹೇಳಬೇಕು, ಅಲ್ವಾ?

ಹಾಗಾಗಿ ಮೊದಲು ಪ್ರಬಂಧದ ಪ್ರಶ್ನೆಯನ್ನು ಗಟ್ಟಿ ಮಾಡಿಕೊಂಡೆ: 1943ರ ಬಂಗಾಳದ ಕ್ಷಾಮಕ್ಕೆ ಆಹಾರದ ಕೊರತೆಯೇ ಕಾರಣವೇ? ಆಮೇಲೆ ಪಟ್ಟಿಯಲ್ಲಿದ್ದವುಗಳ ಸಾರಾಂಶ, ಮುನ್ನುಡಿ, ಕೊನೆಯ ಅಧ್ಯಾಯ ಮಾತ್ರ ತಿರುವಿದೆ. ಒಂದೊಂದರ ಪಕ್ಕದಲ್ಲೂ ಒಂದೇ ಸಾಲು ಬರೆದೆ: ಇದು ಮೂಲ ವಾದವೋ, ಅದಕ್ಕೆ ವಿರೋಧವೋ, ಬೇರೆ ದೇಶದ ಉದಾಹರಣೆಯೋ. ನಡುವೆ ನಿಂತದ್ದು ಅಮರ್ತ್ಯ ಸೇನ್ ಅವರ 1981ರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’. ಊರಲ್ಲಿ ಅಕ್ಕಿ ಇದ್ದರೂ ಅದನ್ನು ಕೊಳ್ಳುವ ಶಕ್ತಿ ಕಳೆದುಕೊಂಡವರು ಹಸಿವಿನಿಂದ ಸಾಯಬಹುದು ಅನ್ನುವುದು ಅದರ ವಾದ. ಮಿಕ್ಕ ಹೆಚ್ಚಿನವು ಅದನ್ನು ಒಪ್ಪುವ, ತಿದ್ದುವ, ತಳ್ಳಿಹಾಕುವ ಬರಹಗಳು.

ಇಮೇಲ್‌ನ ಸಬ್ಜೆಕ್ಟ್‌ನಲ್ಲಿ ಮಾಡ್ಯೂಲ್ ಹೆಸರು, ‘ಪ್ರಬಂಧದ ಓದು’ ಅಂತ ಹಾಕಿದೆ. ನಮ್ಮ ಕಡೆಯ ‘ರೆಸ್ಪೆಕ್ಟೆಡ್ ಸರ್’ ಅಲ್ಲಿ ರೂಢಿಯಲ್ಲಿಲ್ಲ. ‘ಡಿಯರ್ ಪ್ರೊಫೆಸರ್’ ಅಂತ ಬರೆದು ಸರ್‌ನೇಮ್ ಸೇರಿಸಿದರೆ ಸಾಕು. ಒಳಗೆ ಬರೆದದ್ದು ಇಷ್ಟು:

“ನನ್ನ ಪ್ರಬಂಧ ಬಂಗಾಳದ ಕ್ಷಾಮದ ಬಗ್ಗೆ. ಸೇನ್ ಪುಸ್ತಕದ 1, 5, 6ನೇ ಅಧ್ಯಾಯ ಪೂರ್ತಿ ಓದುತ್ತೇನೆ. ಟೀಕೆಗಳಿಗೆ ಸ್ಟೀಫನ್ ಡೆವರೋ ಅವರ 2001ರ ಲೇಖನ, ಹೋಲಿಕೆಗೆ ಸುಡಾನಿನ ಡಾರ್ಫರ್ ಕ್ಷಾಮದ ಬಗ್ಗೆ ಅಲೆಕ್ಸ್ ಡಿ ವಾಲ್ ಅವರ 1989ರ ಪುಸ್ತಕ ಇಟ್ಟುಕೊಂಡಿದ್ದೇನೆ. ಆಫ್ರಿಕಾದ ಸಾಹೆಲ್ ಪ್ರದೇಶದ ಕುರಿತ ಬರಹಗಳನ್ನು ಬಿಡುತ್ತಿದ್ದೇನೆ. ನನ್ನ ಪ್ರಶ್ನೆಗೆ ಬೇಕಾದದ್ದು ಏನಾದರೂ ಬಿಟ್ಟುಹೋಗಿದೆಯೇ? ಬೇಕಿದ್ದರೆ ಆಫೀಸ್ ಅವರ್‌ನಲ್ಲಿ ಬಂದು ಕೇಳುತ್ತೇನೆ.”

ಉತ್ತರ ಚಿಕ್ಕದಾಗಿತ್ತು, ಆದರೆ ನನಗೆ ಬೇಕಾದದ್ದು ಅದರಲ್ಲಿತ್ತು. ಡಿ ವಾಲ್ ಪುಸ್ತಕವನ್ನು ಕೊನೆಗೆ ಇಟ್ಟುಕೊಳ್ಳಿ ಅಂದರು. ಅದು ಡಾರ್ಫರ್‌ನಲ್ಲಿ ರೋಗದಿಂದಾದ ಸಾವುಗಳ ಮೇಲೆ ಜಾಸ್ತಿ ಒತ್ತು ಕೊಡುತ್ತದೆ, ನನ್ನ ಪ್ರಶ್ನೆಗೆ ಸ್ವಲ್ಪ ದೂರ. ಬದಲಿಗೆ 1986ರಲ್ಲಿ ಪೀಟರ್ ಬೌಬ್ರಿಕ್ ಸೇನ್ ವಾದವನ್ನು ಅಲ್ಲಗಳೆದು ‘ಫುಡ್ ಪಾಲಿಸಿ’ ಪತ್ರಿಕೆಯಲ್ಲಿ ಬರೆದ ಲೇಖನ, ಅದಕ್ಕೆ ಅಲ್ಲೇ ಸೇನ್ ಕೊಟ್ಟ ಉತ್ತರ, ಎರಡನ್ನೂ ಒಟ್ಟಿಗೆ ಓದಿ ಅಂದರು. ಬಂಗಾಳದಲ್ಲಿ ಅಕ್ಕಿ ನಿಜವಾಗಿ ಎಷ್ಟಿತ್ತು ಅನ್ನುವ ಜಗಳವೇ ಅಲ್ಲಿ ನಡೆದಿದೆ. ಪಟ್ಟಿಯಲ್ಲಿ ಆ ಲೇಖನಗಳು ಎಲ್ಲೋ ಕೆಳಗಿದ್ದವು. ನಾನು ಏನು ಆರಿಸಿದ್ದೇನೆ ಅಂತ ಬರೆದದ್ದರಿಂದಲೇ ಏನು ಬಿಟ್ಟಿದ್ದೇನೆ ಅಂತ ಅವರಿಗೆ ಕಂಡಿತು. ಕೊನೆಗೆ ಪ್ರಬಂಧದ ಅರ್ಧ ಭಾಗ ಆ ಎರಡು ಲೇಖನಗಳ ಮೇಲೆಯೇ ನಿಂತಿತು.

ಡಿಸರ್ಟೇಶನ್‌ಗೆ ಮಾತ್ರ ಹೀಗೆ ಕೇಳಲಿಲ್ಲ. ಅಲ್ಲಿ ಯಾವುದನ್ನು ಓದಬೇಕು ಅಂತ ಹುಡುಕಿ ಆರಿಸುವುದನ್ನೂ ಸೇರಿಸಿಯೇ ಅಂಕ ಕೊಡುತ್ತಾರೆ.